ಬುಕ್ ವ್ಯಾಲ್ಯೂ 310, ಬೆಲೆ 140: ಷೇರು ಅಗ್ಗಕ್ಕೆ ಸಿಕ್ಕಿತಾ?

ಪ್ರಶ್ನೆ: ಸರ್, ನಮ್ಮದು ಶಿರಸಿ ಹತ್ತಿರದ ಹಳ್ಳಿ, ಅಡಿಕೆ ತೋಟ ಇದೆ. ಸೊಸೈಟಿ ಷೇರು ಅಪ್ಪನ ಕಾಲದಿಂದ ಇದೆ, ಅದಕ್ಕೆ ಯಾವಾಗಲೂ ಒಂದೇ ಬೆಲೆ. ಈಗ ಮಗ ಮೊಬೈಲಿನಲ್ಲಿ ಒಂದು ಕಂಪನಿ ತೋರಿಸಿದ. ಬುಕ್ ವ್ಯಾಲ್ಯೂ 310, ಷೇರಿನ ಬೆಲೆ 140. 310ರ ಮಾಲು 140ಕ್ಕೆ ಸಿಕ್ಕರೆ ಲಾಭವೇ ಅಲ್ವಾ? ಎರಡೂ ಯಾಕೆ ಒಂದೇ ಇರುವುದಿಲ್ಲ? ಆ ಕಂಪನಿಯ ವಾರ್ಷಿಕ ವರದಿಯ ಪುಟಗಳನ್ನು ಕಳಿಸಿದ್ದೇನೆ.

ಉತ್ತರ: ಪುಟಗಳನ್ನು ಕಳಿಸಿದ್ದು ಒಳ್ಳೆಯದಾಯಿತು. ಅವಿಲ್ಲದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. ಕಂಪನಿಯ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಂಕಿಗಳನ್ನೂ ಸ್ವಲ್ಪ ದುಂಡಗೆ ಮಾಡಿಕೊಂಡಿದ್ದೇನೆ.

ಮೊದಲು ಸೊಸೈಟಿ ಷೇರಿನ ವಿಷಯ. ಅದಕ್ಕೆ ಒಂದೇ ಬೆಲೆ ಇರುವುದಕ್ಕೆ ಕಾರಣ ಇದೆ. ಸದಸ್ಯತ್ವ ಬಿಟ್ಟರೆ ನಿಮಗೆ ವಾಪಸ್ ಬರುವುದು ಷೇರಿನ ಮುಖಬೆಲೆ ಅಷ್ಟೇ. ಸೊಸೈಟಿ ವರ್ಷ ವರ್ಷ ಕೂಡಿಟ್ಟ ಕಾಯ್ದಿಟ್ಟ ನಿಧಿಯಲ್ಲಿ ನಿಮ್ಮ ಪಾಲು ಅಂತ ಕೇಳಿ ಪಡೆಯುವ ಹಾಗಿಲ್ಲ. ಅದನ್ನು ಪೇಟೆಯಲ್ಲಿ ಬೇರೆಯವರಿಗೆ ಜಾಸ್ತಿ ಬೆಲೆಗೆ ಮಾರುವ ಹಾಗೂ ಇಲ್ಲ. ಕಂಪನಿ ಷೇರು ಹಾಗಲ್ಲ. ಅಲ್ಲಿ ಕೂಡಿಟ್ಟ ನಿಧಿಯೂ ಷೇರುದಾರರದ್ದೇ. ಆದರೆ ಕಂಪನಿ ಅದನ್ನು ನಿಮಗೆ ವಾಪಸ್ ಕೊಡುವುದಿಲ್ಲ. ದುಡ್ಡು ಬೇಕು ಅಂದರೆ ಇನ್ನೊಬ್ಬರಿಗೆ ಮಾರಬೇಕು. ಅವರು ಎಷ್ಟು ಕೊಡುತ್ತಾರೋ ಅದೇ ಬೆಲೆ. ಹೀಗೆ ಒಂದೇ ಷೇರಿಗೆ ಎರಡು ಅಂಕಿ ಹುಟ್ಟುತ್ತವೆ.

ಬುಕ್ ವ್ಯಾಲ್ಯೂ ಲೆಕ್ಕ ಸುಲಭ. ಕಂಪನಿಯ ಎಲ್ಲ ಆಸ್ತಿ ಕೂಡಿಸಿ, ಎಲ್ಲ ಸಾಲ ಕಳೆದು, ಉಳಿದದ್ದನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ತೊಡಕು ಇರುವುದು ‘ಆಸ್ತಿ’ ಅನ್ನುವ ಮಾತಿನಲ್ಲಿ. ಲೆಕ್ಕದ ಪುಸ್ತಕದಲ್ಲಿ ಆಸ್ತಿಯನ್ನು ಬಹುಪಾಲು ಕೊಂಡ ಬೆಲೆಗೆ ಬರೆದಿರುತ್ತಾರೆ, ಈಗ ಎಷ್ಟಕ್ಕೆ ಹೋಗುತ್ತದೆ ಅಂತ ಬರೆಯುವುದಿಲ್ಲ.

ನಿಮ್ಮ ಕಡೆಯದ್ದೇ ಉದಾಹರಣೆ ತಗೊಳ್ಳೋಣ. ಅಕ್ಕಪಕ್ಕ ಎರಡು ತೋಟ, ಎರಡೂ ಒಂದೊಂದು ಎಕರೆ ಭಾಗಾಯ್ತ. ಎರಡನ್ನೂ ಒಂದೇ ವರ್ಷ, ಒಂದೇ ಕ್ರಯಕ್ಕೆ ಕೊಂಡಿದ್ದಾರೆ ಅಂದುಕೊಳ್ಳಿ. ಕ್ರಯಪತ್ರ ನೋಡಿದರೆ ಎರಡಕ್ಕೂ ಒಂದೇ ಬೆಲೆ. ಈಗ ಕೊಳ್ಳಲು ಬಂದವನು ಕ್ರಯಪತ್ರದ ಅಂಕಿ ಕೇಳುತ್ತಾನಾ? ಕೇಳುವುದಿಲ್ಲ. ಎಷ್ಟು ಕ್ವಿಂಟಲ್ ಚಾಲಿ ಅಡಿಕೆ ಆಗುತ್ತದೆ, ಬೇಸಿಗೆಯಲ್ಲಿ ಹಳ್ಳದಲ್ಲಿ ನೀರು ಇರುತ್ತದಾ, ಮಳೆಗಾಲದಲ್ಲಿ ಕೊಳೆ ರೋಗ ಎಷ್ಟು ಬರುತ್ತದೆ ಅಂತ ಕೇಳುತ್ತಾನೆ. ಸೊಪ್ಪಿನ ಬೆಟ್ಟ ಇದೆಯಾ ಅಂತ ಕೇಳದೆ ಅಂತೂ ಬಿಡುವುದಿಲ್ಲ. ಬೆಟ್ಟ ತೋಟದವರ ಸ್ವಂತದ್ದಲ್ಲ, ಸೊಪ್ಪು ದರಕು ತರುವ ಹಕ್ಕು ಮಾತ್ರ ಅವರದ್ದು. ಆದರೂ ಬೆಟ್ಟ ಇರುವ ತೋಟಕ್ಕೆ ಬೆಲೆ ಬೇರೆಯೇ. ಈ ಬೆಟ್ಟವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕೊಳ್ಳುವವನು ಲೆಕ್ಕ ಹಾಕುವುದು ಮುಂದೆ ಬರುವ ಫಸಲನ್ನು. ಕ್ರಯಪತ್ರ ಹೇಳುವುದು ಹಿಂದೆ ಹಾಕಿದ ದುಡ್ಡನ್ನು. ಷೇರಿನಲ್ಲೂ ಬೆಲೆ ಅಂದರೆ ಮುಂದಿನ ಫಸಲಿನ ಅಂದಾಜು, ಬುಕ್ ವ್ಯಾಲ್ಯೂ ಅಂದರೆ ಹಿಂದೆ ಹಾಕಿದ ದುಡ್ಡಿನ ಲೆಕ್ಕ. ಇವೆರಡೂ ಒಂದೇ ಆಗಬೇಕಾದರೆ ಹಾಕಿದ ದುಡ್ಡು ಜನ ಬಯಸುವಷ್ಟೇ ಆದಾಯ ಕೊಡುತ್ತಿರಬೇಕು, ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ. ಅಂಥ ಕಂಪನಿ ಸಿಗುವುದು ಅಪರೂಪ.

ಈಗ ನೀವು ಕಳಿಸಿದ ಕಂಪನಿ. ಹತ್ತು ಲಕ್ಷ ಷೇರುಗಳಿವೆ. ಆಸ್ತಿ ಹೀಗಿದೆ: ಜಾಗ 40 ಲಕ್ಷ, ಕಟ್ಟಡ ಮತ್ತು ಯಂತ್ರ 16 ಕೋಟಿ, ಸ್ಟಾಕು 9 ಕೋಟಿ, ಗಿರಾಕಿಗಳಿಂದ ಬರಬೇಕಾದ ಬಾಕಿ 14 ಕೋಟಿ, ಕಂಪನಿಯ ಮಾಲೀಕರದ್ದೇ ಇನ್ನೊಂದು ಸಂಸ್ಥೆಗೆ ಕೊಟ್ಟ ಸಾಲ 6 ಕೋಟಿ, ಬ್ಯಾಂಕಿನಲ್ಲಿ ನಗದು 60 ಲಕ್ಷ. ಒಟ್ಟು 46 ಕೋಟಿ. ಬ್ಯಾಂಕ್ ಸಾಲ 11 ಕೋಟಿ, ಮಾಲು ಕೊಟ್ಟವರಿಗೆ ಕೊಡಬೇಕಾದದ್ದು 4 ಕೋಟಿ. ಇವೆರಡನ್ನೂ ಕಳೆದರೆ 31 ಕೋಟಿ ಉಳಿಯಿತು. ಷೇರಿಗೆ 310. ಮಗ ತೋರಿಸಿದ ಅಂಕಿ ಸರಿಯಾಗಿಯೇ ಇದೆ.

ಮೊದಲು ಫಸಲು ನೋಡೋಣ. ಕಂಪನಿಯ ವರ್ಷದ ಲಾಭ 1.24 ಕೋಟಿ. 31 ಕೋಟಿ ದುಡಿದು ತಂದದ್ದು 1.24 ಕೋಟಿ, ಅಂದರೆ ನೂರಕ್ಕೆ 4. ಅದೇ 31 ಕೋಟಿಯನ್ನು 7% ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟರೆ ಏನೂ ಮಾಡದೆ 2.17 ಕೋಟಿ ಬರುತ್ತಿತ್ತು. ಈ ಕಂಪನಿಯಲ್ಲಿ ಕಾರ್ಮಿಕರು, ಯಂತ್ರ, ಕರೆಂಟು, ಬ್ಯಾಂಕ್ ಸಾಲ ಎಲ್ಲ ಇದ್ದೂ ಬರುವುದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಷೇರು ಅಂದರೆ ಅಪಾಯ ಇದ್ದೇ ಇದೆ. ಹಾಗಾಗಿ ಕೊಳ್ಳುವವನು ವರ್ಷಕ್ಕೆ 12% ಆದರೂ ಬೇಕು ಅಂತ ಕೇಳಿದರೆ ತಪ್ಪಿಲ್ಲ. ಲಾಭ ಬೆಳೆಯದೆ ಇಷ್ಟೇ ಇರುತ್ತದೆ ಅಂತ ಇಟ್ಟುಕೊಂಡರೆ, 1.24 ಕೋಟಿಯು ಯಾವ ಮೊತ್ತದ 12%? ಸುಮಾರು 10.33 ಕೋಟಿಯದ್ದು. ಷೇರಿಗೆ 103 ರೂಪಾಯಿ. ಮಾರುಕಟ್ಟೆ 140 ಕೊಡುತ್ತಿದೆ. ಹೀಗೆ ನೋಡಿದರೆ ಅದು ಅಗ್ಗ ಅಲ್ಲ, ಸ್ವಲ್ಪ ದುಬಾರಿಯೇ.

‘ಆದಾಯ ಕಡಿಮೆ ಇರಬಹುದು, ಆಸ್ತಿ ಇದೆಯಲ್ಲ’ ಅಂತ ನೀವು ಕೇಳಬಹುದು. ಆಸ್ತಿಯನ್ನೂ ಒಂದೊಂದಾಗಿ ಮುಟ್ಟಿ ನೋಡೋಣ. ಇದನ್ನು ನಿಧಾನವಾಗಿ ಮಾಡಬೇಕು. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇಲ್ಲೇ.

14 ಕೋಟಿ ಬಾಕಿಯಿಂದ ಶುರು ಮಾಡಿ. ವರದಿಯ ಹಿಂಭಾಗದಲ್ಲಿ ಟಿಪ್ಪಣಿಗಳಿವೆ. ಅದರಲ್ಲಿ ‘ಟ್ರೇಡ್ ರಿಸೀವಬಲ್ಸ್’ ಅನ್ನುವ ಟಿಪ್ಪಣಿಯ ಕೆಳಗೆ ಒಂದು ಕೋಷ್ಟಕ ಇರುತ್ತದೆ. ಬಾಕಿ ಎಷ್ಟು ಹಳೆಯದು ಅಂತ ಅದು ವಿಂಗಡಿಸಿ ತೋರಿಸುತ್ತದೆ: ಆರು ತಿಂಗಳ ಒಳಗಿನದ್ದು, ಆರು ತಿಂಗಳಿಂದ ಒಂದು ವರ್ಷದ್ದು, ಒಂದರಿಂದ ಎರಡು, ಎರಡರಿಂದ ಮೂರು, ಮೂರು ವರ್ಷಕ್ಕಿಂತ ಹಳೆಯದು. 2021ರ ಏಪ್ರಿಲ್‌ನಿಂದ ಈ ಕೋಷ್ಟಕ ಕೊಡುವುದು ಕಡ್ಡಾಯ ಆಗಿದೆ. ಅದಕ್ಕೂ ಮುಂಚೆ ಇಷ್ಟು ಬಿಡಿಸಿ ನೋಡುವ ಅನುಕೂಲ ಇರಲಿಲ್ಲ. ಇದು ಸಣ್ಣ ಹೂಡಿಕೆದಾರರಿಗೆ ಆದ ದೊಡ್ಡ ಉಪಕಾರ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಿಮ್ಮ ಕಂಪನಿಯ ಕೋಷ್ಟಕದ ಕೊನೆಯ ಕಾಲಂನಲ್ಲಿ, ಮೂರು ವರ್ಷಕ್ಕಿಂತ ಹಳೆಯದು ಅನ್ನುವ ಕಡೆ, 5 ಕೋಟಿ ಇದೆ. ಅಡಿಕೆ ಕೊಟ್ಟು ಮೂರು ವರ್ಷ ಆದರೂ ವ್ಯಾಪಾರಿ ದುಡ್ಡು ಕೊಟ್ಟಿಲ್ಲ ಅಂದರೆ ನೀವು ಆ ದುಡ್ಡು ನಂಬಿ ಮದುವೆ ನಿಶ್ಚಯ ಮಾಡುತ್ತೀರಾ? ಅದನ್ನು ಸೊನ್ನೆ ಅಂತಲೇ ಹಿಡಿಯಿರಿ.

ಆಮೇಲೆ 6 ಕೋಟಿ ಸಾಲ. ‘ರಿಲೇಟೆಡ್ ಪಾರ್ಟಿ’ ಅಂದರೆ ಸಂಬಂಧಪಟ್ಟವರ ಜೊತೆಗಿನ ವ್ಯವಹಾರದ ಟಿಪ್ಪಣಿ ನೋಡಿ. ಆ ಸಾಲಕ್ಕೆ ಬಡ್ಡಿ ಬಂದ ಗುರುತು ಎಲ್ಲೂ ಇಲ್ಲ. ಹಿಂದಿನ ವರ್ಷದ ಕಾಲಂನಲ್ಲೂ ಅದೇ 6 ಕೋಟಿ. ಅಂದರೆ ಅಸಲೂ ಬಂದಿಲ್ಲ. ಇದನ್ನೂ ಬಿಟ್ಟುಬಿಡಿ. 31ರಲ್ಲಿ 5 ಮತ್ತು 6 ಹೋಗಿ 20 ಕೋಟಿ ಉಳಿಯಿತು. ಷೇರಿಗೆ 200.

ಕಟ್ಟಡ ಮತ್ತು ಯಂತ್ರದ 16 ಕೋಟಿ ಬೇರೆ ಥರದ್ದು. ಅಲ್ಲಿ ಯಾರೂ ಸುಳ್ಳು ಬರೆದಿಲ್ಲ. ಕೊಂಡ ಬೆಲೆಯನ್ನು ಯಂತ್ರದ ಆಯುಷ್ಯಕ್ಕೆ ಹಂಚಿ, ವರ್ಷ ವರ್ಷ ಸವಕಳಿ ಕಳೆಯುತ್ತಾ ಬರುತ್ತಾರೆ. ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಸಾಮಾನ್ಯ ಯಂತ್ರಗಳಿಗೆ 15 ವರ್ಷ, ಕಾರ್ಖಾನೆ ಕಟ್ಟಡಕ್ಕೆ 30 ವರ್ಷ ಅಂತ ಇದೆ. ಉಳಿದ ಅಂಕಿ ಅಂದರೆ ‘ಇನ್ನೂ ಸವೆಯಬೇಕಾದ ಖರ್ಚು’. ಮಾರಿದರೆ ಬರುವ ಬೆಲೆ ಅಂತ ಅದಕ್ಕೆ ಅರ್ಥ ಇಲ್ಲ. ಒಂದು ಕೆಲಸಕ್ಕೆ ಅಂತಲೇ ಮಾಡಿಸಿದ ಯಂತ್ರವನ್ನು ಬಿಚ್ಚಿ ಲಾರಿಗೆ ಏರಿಸಿದರೆ ಎಷ್ಟು ಸಿಗುತ್ತದೆ? ಅರ್ಧ ಸಿಕ್ಕರೆ ಪುಣ್ಯ. ಇನ್ನೂ 8 ಕೋಟಿ ಹೋಯಿತು. ಷೇರಿಗೆ 120.

ಜಾಗದಲ್ಲಿ ಮಾತ್ರ ಉಲ್ಟಾ. ಕಂಪನಿ ಅದನ್ನು 1984ರಲ್ಲಿ ಕೊಂಡಿತ್ತು. ಜಾಗಕ್ಕೆ ಸವಕಳಿ ಇಲ್ಲ. ಏರಿಸಿ ಬರೆಯಲು ನಿಯಮದಲ್ಲಿ ದಾರಿ ಇದೆ, ಆದರೆ ಬಹಳಷ್ಟು ಕಂಪನಿಗಳು ಏರಿಸುವುದಿಲ್ಲ. ಹಾಗಾಗಿ 40 ಲಕ್ಷ ಹಾಗೇ ಕೂತಿದೆ. ಪಕ್ಕದ ಜಾಗ ಹೋದ ದರದಲ್ಲಿ ನೋಡಿದರೆ ಇದಕ್ಕೆ ಆರು ಕೋಟಿ ಜಾಸ್ತಿ ಬರಬಹುದು ಅಂತ ನೀವೇ ವಿಚಾರಿಸಿ ಬರೆದಿದ್ದೀರಿ. ಕೂಡಿಸಿದರೆ ಮತ್ತೆ 180 ಆಯಿತು. ಕಾರ್ಖಾನೆ ಮುಚ್ಚಿದರೆ ಕಾರ್ಮಿಕರಿಗೆ ಕೊಡಬೇಕಾದದ್ದು, ಜಾಗ ಮಾರಿದ್ದಕ್ಕೆ ತೆರಿಗೆ, ವರ್ಷಗಟ್ಟಲೆ ಕಾಯುವುದು, ಇದನ್ನೆಲ್ಲ ಕಳೆದರೆ 140ಕ್ಕೆ ಬಂದು ನಿಲ್ಲುವುದರಲ್ಲಿ ಆಶ್ಚರ್ಯ ಇಲ್ಲ. ಪೇಟೆಯವರು ಪೆನ್ನು ಹಿಡಿದು ಹೀಗೇ ಲೆಕ್ಕ ಹಾಕಿದ್ದಾರೆ ಅಂತ ನಾನು ಹೇಳುವುದಿಲ್ಲ. ಆದರೆ 310 ಅನ್ನುವ ಅಂಕಿಯನ್ನು ಯಾಕೆ ಯಾರೂ ನಂಬಲಿಲ್ಲ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಇನ್ನೂ ಒಂದು ಮಾತಿದೆ. ಜಾಗ ಆರು ಕೋಟಿ ಜಾಸ್ತಿ ಬಾಳುತ್ತದೆ ಅಂತಲೇ ಇರಲಿ. ಅದನ್ನು ಮಾರಿ ಅಂತ ಹೇಳುವವರು ಯಾರು? ನಿಮ್ಮ ಹತ್ತಿರ ನೂರು ಷೇರು ಇರುತ್ತದೆ. ಮಾಲೀಕರ ಹತ್ತಿರ ಮುಕ್ಕಾಲು ಪಾಲು. ಅವರಿಗೆ ಮಾರುವ ಮನಸ್ಸಿಲ್ಲದಿದ್ದರೆ ಆ ಆಸ್ತಿ ನಿಮಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕಂಪನಿ ಮುಳುಗಿ ಆಸ್ತಿ ಹರಾಜಾದರೂ ಮೊದಲು ಬ್ಯಾಂಕು, ಕಾರ್ಮಿಕರು, ಸರ್ಕಾರ, ಮಾಲು ಕೊಟ್ಟವರು. ಷೇರುದಾರರ ಸಾಲು ಕಟ್ಟಕಡೆಯದು.

ಇದಕ್ಕೆ ಒಂದು ನಿಜವಾದ ಉದಾಹರಣೆ ಇದೆ. ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಅನ್ನುವ ಕಂಪನಿಯ ಮುಖ್ಯ ಆಸ್ತಿ ಅಂದರೆ ಅದರ ಹತ್ತಿರ ಇರುವ ಏಷ್ಯನ್ ಪೇಂಟ್ಸ್ ಷೇರುಗಳು. ಅಲ್ಲಿ ಹಳೇ ಯಂತ್ರ ಇಲ್ಲ, ಬಾರದ ಬಾಕಿ ಇಲ್ಲ. 2024ರಲ್ಲಿ ಒಂದು ಷೇರಿನ ಬುಕ್ ವ್ಯಾಲ್ಯೂ ಐದು ಲಕ್ಷ ರೂಪಾಯಿಗಿಂತ ಜಾಸ್ತಿ ಇತ್ತು. ಆದರೆ ಬೋರ್ಡಿನ ಮೇಲೆ ಬೆಲೆ ಮಾತ್ರ 3 ರೂಪಾಯಿ 53 ಪೈಸೆ ಅಂತ ತೋರಿಸುತ್ತಿತ್ತು. ಆ ಬೆಲೆಗೆ ಯಾರೂ ಮಾರುತ್ತಿರಲಿಲ್ಲ. ದಿನಕ್ಕೆ ಇಷ್ಟೇ ಏರಬಹುದು ಅನ್ನುವ ಮಿತಿ ಇದ್ದದ್ದರಿಂದ ಬೆಲೆ ಅಲ್ಲಿಂದ ಕದಲುವಂತಿರಲಿಲ್ಲ. ಇಂಥ ಕಂಪನಿಗಳಿಗೆ ಮಿತಿ ಇಲ್ಲದ ವಿಶೇಷ ಹರಾಜು ನಡೆಸಿ ಅಂತ ಷೇರು ಪೇಟೆಯ ನಿಯಂತ್ರಕ ಸೆಬಿ 2024ರಲ್ಲಿ ಹೇಳಿತು. 2024ರ ಅಕ್ಟೋಬರ್ 29ರಂದು ಹರಾಜು ನಡೆದು, ದಿನದ ಕೊನೆಗೆ ಬೆಲೆ 2,36,250 ರೂಪಾಯಿ ಆಯಿತು. ಆ ದಿನ ಪತ್ರಿಕೆಗಳಲ್ಲಿ ಎಲ್ಲ ಕಡೆ ಅದೇ ಸುದ್ದಿ. ಎಲ್ಲರೂ ಮೂರು ರೂಪಾಯಿ ಎರಡು ಲಕ್ಷ ಆದದ್ದನ್ನು ನೋಡಿದರು. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಯಾವ ಅಡ್ಡಿಯೂ ಇಲ್ಲದೆ ಹರಾಜು ಮಾಡಿದರೂ ಜನ ಬುಕ್ ವ್ಯಾಲ್ಯೂ ಅರ್ಧದಷ್ಟೂ ಕೊಡಲಿಲ್ಲ. ಯಾಕೆ? ಆ ಕಂಪನಿ ಒಂದು ಷೇರಿಗೆ ವರ್ಷಕ್ಕೆ ಕೊಡುತ್ತಿದ್ದ ಡಿವಿಡೆಂಡ್ 25 ರೂಪಾಯಿ. ಪೆಟ್ಟಿಗೆ ತುಂಬ ಬಂಗಾರ ಇದೆ, ಕೀಲಿ ಇನ್ನೊಬ್ಬರ ಸೊಂಟದಲ್ಲಿದೆ. ಅಂಥ ಬಂಗಾರಕ್ಕೆ ಯಾರೂ ಪೂರ್ತಿ ಬೆಲೆ ಕೊಡುವುದಿಲ್ಲ.

ನಾನೂ ಇದನ್ನು ಪೆಟ್ಟು ತಿಂದೇ ಕಲಿತದ್ದು. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು ಸಣ್ಣ ಕಂಪನಿಯ ಷೇರು ಕೊಂಡಿದ್ದೆ. ಬುಕ್ ವ್ಯಾಲ್ಯೂ 180, ಬೆಲೆ 65. ಲೆಕ್ಕ ಓದಲು ಬರುತ್ತದೆ ಅನ್ನುವ ಧೈರ್ಯ ಇತ್ತು. ಎರಡು ವರ್ಷ ಬೆಲೆ ಅಲ್ಲೇ ಇತ್ತು. ಒಂದು ತ್ರೈಮಾಸಿಕದ ಫಲಿತಾಂಶದಲ್ಲಿ ಕಂಪನಿ ಹಳೇ ಸ್ಟಾಕು, ಬಾರದ ಬಾಕಿ ಎರಡನ್ನೂ ಒಟ್ಟಿಗೆ ತೆಗೆದುಹಾಕಿತು. ಬುಕ್ ವ್ಯಾಲ್ಯೂ 70ಕ್ಕೆ ಇಳಿಯಿತು. ಬೆಲೆಯೇ ಮೇಲೆ ಹೋಗಿ ಬುಕ್ ವ್ಯಾಲ್ಯೂ ಸೇರುತ್ತದೆ ಅಂತ ನಾನು ಕಾದಿದ್ದೆ. ಬುಕ್ ವ್ಯಾಲ್ಯೂ ಕೆಳಗೆ ಬಂದು ಬೆಲೆಯನ್ನು ಸೇರಿತು. ಆ ಸ್ಟಾಕು ಮಾರಾಟ ಆಗುತ್ತಿಲ್ಲ ಅಂತ ಆ ವ್ಯಾಪಾರದಲ್ಲಿ ಇದ್ದವರಿಗೆ ಮೊದಲೇ ಗೊತ್ತಿತ್ತು. ಪುಸ್ತಕಕ್ಕೆ ಬರಲು ಎರಡು ವರ್ಷ ಹಿಡಿಯಿತು. ಅಂದಿನಿಂದ ಬೆಲೆ ಬುಕ್ ವ್ಯಾಲ್ಯೂಗಿಂತ ತುಂಬಾ ಕೆಳಗೆ ಇದ್ದರೆ, ‘ಪುಸ್ತಕದಲ್ಲಿ ಇನ್ನೂ ಬರೆಯದ ನಷ್ಟ ಎಲ್ಲಿದೆ’ ಅಂತಲೇ ಮೊದಲು ಹುಡುಕುತ್ತೇನೆ.

ಇನ್ನು ಬೆಟ್ಟದ ವಿಷಯ. ಕೆಲವು ಕಂಪನಿಗಳ ಬೆಲೆ ಬುಕ್ ವ್ಯಾಲ್ಯೂಗಿಂತ ಹತ್ತು, ಇಪ್ಪತ್ತು ಪಟ್ಟು ಇರುತ್ತದೆ. ಹಾಗಾದರೆ ಅವು ದುಬಾರಿ ಅಂತ ಅರ್ಥವಾ? ಅಷ್ಟು ಬೇಗ ಹೇಳಲು ಬರುವುದಿಲ್ಲ. ಕಂಪನಿ ತಾನೇ ಬೆಳೆಸಿದ ಬ್ರ್ಯಾಂಡನ್ನು ಲೆಕ್ಕದಲ್ಲಿ ಆಸ್ತಿ ಅಂತ ಬರೆಯಲು ನಿಯಮವೇ ಬಿಡುವುದಿಲ್ಲ. ಜಾಹೀರಾತಿಗೆ ಸುರಿದ ದುಡ್ಡೆಲ್ಲ ಆಯಾ ವರ್ಷದ ಖರ್ಚು. ನಲವತ್ತು ವರ್ಷ ಜನ ಹೆಸರು ಹೇಳಿ ಕೇಳಿ ಕೊಳ್ಳುವ ಸೋಪಿದ್ದರೂ ಪುಸ್ತಕದಲ್ಲಿ ಆ ಹೆಸರಿಗೆ ಸೊನ್ನೆ. ತೋಟದ ಬೆಲೆಯಲ್ಲಿ ಬೆಟ್ಟ ಇದೆ, ಕ್ರಯದ ಲೆಕ್ಕದಲ್ಲಿ ಇಲ್ಲ, ಹಾಗೆ.

ಆದರೆ ಅದೇ ಬ್ರ್ಯಾಂಡನ್ನು ಬೇರೆಯವರಿಂದ ಕೊಂಡರೆ ಕೊಟ್ಟ ದುಡ್ಡು ಪೂರ್ತಿ ಆಸ್ತಿಯಾಗಿ ಪುಸ್ತಕಕ್ಕೆ ಬರುತ್ತದೆ. ಹಿಂದೂಸ್ತಾನ್ ಯೂನಿಲಿವರ್ ನೋಡಿ. 2020ರ ಮಾರ್ಚ್ ಕೊನೆಗೆ ಅದರ ನಿವ್ವಳ ಆಸ್ತಿ ಸುಮಾರು 8 ಸಾವಿರ ಕೋಟಿ, ಷೇರಿಗೆ ಲೆಕ್ಕ ಹಾಕಿದರೆ 37 ರೂಪಾಯಿ ಆಸುಪಾಸು. ಏಪ್ರಿಲ್‌ನಲ್ಲಿ ಹಾರ್ಲಿಕ್ಸ್ ಮಾಡುತ್ತಿದ್ದ ಕಂಪನಿ ಅದರಲ್ಲಿ ವಿಲೀನವಾಯಿತು. ವಿಲೀನಕ್ಕೆ ಹೊಸ ಷೇರು ಕೊಟ್ಟರು. ಹಾರ್ಲಿಕ್ಸ್ ಹೆಸರಿಗೆ ಬೇರೆಯಾಗಿ 3,045 ಕೋಟಿ ಕೊಟ್ಟು ಕೊಂಡರು. ಮುಂದಿನ ಮಾರ್ಚ್‌ಗೆ ನಿವ್ವಳ ಆಸ್ತಿ 47 ಸಾವಿರ ಕೋಟಿ ದಾಟಿತು, ಷೇರಿಗೆ ಸುಮಾರು 200 ರೂಪಾಯಿ. ಒಂದೇ ವರ್ಷದಲ್ಲಿ ಬುಕ್ ವ್ಯಾಲ್ಯೂ ಐದು ಪಟ್ಟು! ಷೇರಿನ ಬೆಲೆ ಮಾತ್ರ ಎರಡೂ ಮಾರ್ಚ್ ಕೊನೆಗೆ 2,300–2,400 ರೂಪಾಯಿ ಆಸುಪಾಸಿನಲ್ಲೇ ಇತ್ತು. ಕೊಂಡ ಹಾರ್ಲಿಕ್ಸ್ ಪುಸ್ತಕಕ್ಕೆ ಬಂತು, ತಾವೇ ಬೆಳೆಸಿದ ಸರ್ಫ್ ಎಕ್ಸೆಲ್ ಇನ್ನೂ ಪುಸ್ತಕದ ಹೊರಗೇ ಇದೆ. ನಮ್ಮ ಮನೆ ಹತ್ತಿರದ ಅಂಗಡಿಯ ಕಪಾಟಿನಲ್ಲಿ ಎರಡೂ ಪಕ್ಕಪಕ್ಕ ಇರುತ್ತವೆ.

ಬುಕ್ ವ್ಯಾಲ್ಯೂ ಸ್ವಲ್ಪ ಮಟ್ಟಿಗೆ ಕೆಲಸಕ್ಕೆ ಬರುವುದು ಬ್ಯಾಂಕುಗಳಲ್ಲಿ. ಅಲ್ಲಿ ಆಸ್ತಿ ಅಂದರೆ ಕೊಟ್ಟ ಸಾಲ, ಅಂದರೆ ದುಡ್ಡೇ. ಜಾಗ ಯಂತ್ರಗಳ ತಕರಾರು ಕಡಿಮೆ. ಆದರೆ ಅಲ್ಲೂ ಸಾಲ ವಸೂಲಾಗುವ ಸಾಲವಾ ಅನ್ನುವುದರ ಮೇಲೇ ಎಲ್ಲ ನಿಂತಿದೆ. ಕಂತು 90 ದಿನಕ್ಕಿಂತ ಜಾಸ್ತಿ ಬಾಕಿ ಉಳಿದರೆ ಅದು ಅನುತ್ಪಾದಕ ಸಾಲ. ಅದರ ಶೇಕಡಾವಾರು ನೋಡದೆ ಬ್ಯಾಂಕಿನ ಬುಕ್ ವ್ಯಾಲ್ಯೂ ನೋಡಬೇಡಿ.

ಹಾಗಾದರೆ ನಿಮ್ಮ ಕಂಪನಿಯನ್ನು ಏನು ಮಾಡುವುದು? ಈಗ ಕೊಳ್ಳಬೇಡಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಪೂರ್ತಿ ಕೈಬಿಡುವುದೂ ಬೇಡ. ಮುಂದಿನ ವಾರ್ಷಿಕ ವರದಿ ಬಂದಾಗ ಮಗನ ಹತ್ತಿರ ಮೂರು ಜಾಗ ತೆಗೆಸಿ ನೋಡಿ. ಮೂರು ವರ್ಷ ದಾಟಿದ ಬಾಕಿ 5 ಕೋಟಿಯಿಂದ ಇಳಿದಿದೆಯಾ? ಇಳಿದಿದ್ದರೆ ಅದು ವಸೂಲಾಗಿ ನಗದಿನ ಲೆಕ್ಕದಲ್ಲಿ ಬಂದಿದೆಯಾ, ಅಥವಾ ಸುಮ್ನೆ ಬರೆದುಹಾಕಿದ್ದಾರಾ? ಮಾಲೀಕರ ಸಂಸ್ಥೆಗೆ ಕೊಟ್ಟ 6 ಕೋಟಿಯಲ್ಲಿ ಒಂದು ಕಂತಾದರೂ ವಾಪಸ್ ಬಂದಿದೆಯಾ? ಈ ಎರಡೂ ಪೂರ್ತಿ ವಾಪಸ್ ಬಂದರೆ ಆ ದುಡ್ಡಿನಿಂದಲೇ ಬ್ಯಾಂಕಿನ 11 ಕೋಟಿ ಸಾಲ ಪೂರ್ತಿ ತೀರಬಹುದು, ಬಡ್ಡಿ ಉಳಿದು ಲಾಭ ಏರಬಹುದು. ಆಗ ನೂರಕ್ಕೆ 4 ಅನ್ನುವ ಅಂಕಿ ಬದಲಾಗುತ್ತದೆ, 103ರ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ. ಆ ವರದಿ ಬಂದಾಗ ಅದೇ ಪುಟಗಳನ್ನು ಮತ್ತೆ ಕಳಿಸಿ, ಎರಡು ವರ್ಷದ್ದನ್ನು ಪಕ್ಕಪಕ್ಕ ಇಟ್ಟು ನೋಡೋಣ.